ಯಿ ಅಂದರೆ ಬಿಲಿಯನ್ ಅಲ್ಲ, ಹತ್ತು ಕೋಟಿ

ಪ್ರಶ್ನೆ: ಮೇಡಂ, ಚೀನೀ ಕಂಪನಿಗಳ ವಾರ್ಷಿಕ ವರದಿಗಳನ್ನ ಇಂಗ್ಲಿಷಿಗೆ ಅನುವಾದ ಮಾಡೋ ಕೆಲಸಕ್ಕೆ ಸೇರಿ ಎಂಟು ತಿಂಗಳಾಯ್ತು. ಭಾಷೆ ಪರವಾಗಿಲ್ಲ, ದೊಡ್ಡ ಮೊತ್ತ ಬಂದಾಗ ಮಾತ್ರ ತಲೆ ಕೆಡುತ್ತೆ. ಹತ್ತು ಸಾವಿರದ 万, ಹತ್ತು ಕೋಟಿಯ 亿 ಕಂಡ ತಕ್ಷಣ ಮನಸ್ಸಲ್ಲೇ ಲಕ್ಷ-ಕೋಟಿ ಮಾಡ್ಕೊಂಡು, ಅಲ್ಲಿಂದ ಮಿಲಿಯನ್-ಬಿಲಿಯನ್‌ಗೆ ಹೋಗ್ತೀನಿ. ಕಳೆದ ತಿಂಗಳು ಎರಡು ಕಡೆ ಸೊನ್ನೆ ತಪ್ಪಿ ಕೆಲಸ ವಾಪಸ್ ಬಂತು. ಸಾಫ್ಟ್‌ವೇರ್ ಎರಡರಲ್ಲಿ ಒಂದನ್ನೂ ಹಿಡಿದಿರಲಿಲ್ಲ. ನೀವು ಹೇಗೆ ಮಾಡ್ತೀರಿ?

ಉತ್ತರ: ಸಾಫ್ಟ್‌ವೇರ್ ಹಿಡಿಯಲಿಲ್ಲ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಅನುವಾದದ ಸಾಫ್ಟ್‌ವೇರ್‌ಗಳಲ್ಲಿರುವ ಸಂಖ್ಯೆಯ ತಪಾಸಣೆ ಮಾಡುವುದು ಒಂದೇ ಕೆಲಸ: ಎಡಗಡೆಯ ಮೂಲದಲ್ಲಿರುವ ಅಂಕಿಗಳು ಬಲಗಡೆಯ ಅನುವಾದದಲ್ಲೂ ಇವೆಯೇ ಎಂದು ನೋಡುವುದು. ಮೂಲದಲ್ಲಿ 12.35亿元, ಅಂದರೆ 12.35 ಯಿ ಯುವಾನ್ ಎಂದಿದೆ ಅಂದುಕೊಳ್ಳಿ. ಅವಸರದಲ್ಲಿ ನೀವು 12.35 ಬಿಲಿಯನ್ ಎಂದು ಬರೆದರೆ ಎರಡೂ ಕಡೆ 12.35 ಇರುವುದರಿಂದ ಅದು ಸದ್ದಿಲ್ಲದೆ ಪಾಸಾಗುತ್ತದೆ. ಸರಿಯಾಗಿ 1.235 ಬಿಲಿಯನ್ ಎಂದೋ 1,235 ಮಿಲಿಯನ್ ಎಂದೋ ಬರೆದರೆ ಕೆಂಪು ಗುರುತು ಬೀಳುತ್ತದೆ. ದಿನಕ್ಕೆ ನೂರು ಸಲ ಸರಿಯಾದ ಉತ್ತರಕ್ಕೇ ಕೆಂಪು ಕಂಡು ಕಂಡು, ನೋಡದೆಯೇ ಅದನ್ನು ಒರೆಸಿಹಾಕುವುದು ಕೈಗೆ ಅಭ್ಯಾಸವಾಗಿಬಿಡುತ್ತದೆ. ಹತ್ತು ಪಟ್ಟು ತಪ್ಪಾದ ಸಾಲು ಮಾತ್ರ ಯಾವ ಗುರುತೂ ಇಲ್ಲದೆ ಸಜ್ಜನನಂತೆ ಕೂತಿರುತ್ತದೆ.

ಹಾಗಾಗಿ ಈ ತಪಾಸಣೆಯನ್ನು ನಾನು ತಿರುಗಿಸಿ ಬಳಸುತ್ತೇನೆ. 万 ಅಥವಾ 亿 ಇದ್ದೂ ಕೆಂಪು ಬೀಳದ ಸಾಲುಗಳನ್ನು ಫಿಲ್ಟರ್ ಮಾಡಿ ಅವನ್ನೇ ಮೊದಲು ಓದುತ್ತೇನೆ. ಅಂಕಿ ಬದಲಾಗದೆ ದಾಟಬಹುದಾದ ಮಾಮೂಲಿ ಸಂದರ್ಭ ಒಂದೇ, ಅದನ್ನು ಮುಂದೆ ಹೇಳುತ್ತೇನೆ. ಉಳಿದ ಕಡೆ ಅಂಕಿ ಹಾಗೇ ಉಳಿದಿದ್ದರೆ ಅನುಮಾನಿಸಬೇಕು.

ಈಗ ಎಣಿಕೆಗೆ ಬರೋಣ. ಚೀನೀಯರು ನಾಲ್ಕು ಸೊನ್ನೆಗೊಮ್ಮೆ ಹೊಸ ಹೆಸರು ಕೊಡುತ್ತಾರೆ. ಹತ್ತು ಸಾವಿರಕ್ಕೆ 万, ಅಂದರೆ ವಾನ್. ಆಮೇಲೆ ಹತ್ತು ವಾನ್, ನೂರು ವಾನ್, ಸಾವಿರ ವಾನ್. ಹತ್ತು ಸಾವಿರ ವಾನ್ ಆದಾಗ 亿, ಅಂದರೆ ಯಿ. ಹತ್ತು ಸಾವಿರ ಯಿ ಸೇರಿದರೆ 万亿, ವಾನ್-ಯಿ. ಇಂಗ್ಲಿಷಿನಲ್ಲಿ ಮೂರು ಸೊನ್ನೆಗೊಂದು ಹೆಸರು. ನಮ್ಮಲ್ಲಿ ಸಾವಿರ ದಾಟಿದ ಮೇಲೆ ಎರಡೆರಡಕ್ಕೆ ಲಕ್ಷ, ಕೋಟಿ. ಮೂರೂ ದಾರಿ ಬೇರೆ ಬೇರೆ ಕಡೆ ತಿರುಗುವುದರಿಂದ ಒಂದರ ಮೈಲಿಗಲ್ಲು ಇನ್ನೊಂದರಲ್ಲಿ ಇರುವುದಿಲ್ಲ. ಹತ್ತು ವಾನ್ ಎಂದರೆ ಲಕ್ಷ, ನೂರು ವಾನ್ ಎಂದರೆ ಮಿಲಿಯನ್, ಸಾವಿರ ವಾನ್ ಎಂದರೆ ಕೋಟಿ. ಒಂದು ಯಿ ಎಂದರೆ ಹತ್ತು ಕೋಟಿ, ಇಂಗ್ಲಿಷಿನಲ್ಲಿ ನೂರು ಮಿಲಿಯನ್. ಎರಡು ಭಾಷೆಯಲ್ಲೂ ಅದಕ್ಕೆ ಒಂಟಿ ಹೆಸರಿಲ್ಲ. ತಪ್ಪುಗಳೆಲ್ಲ ಹೆಚ್ಚಾಗಿ ಈ ಹೆಸರಿಲ್ಲದ ಜಾಗದಲ್ಲೇ ಆಗುತ್ತವೆ. ಮಿಲಿಯನ್ ಆದ ಮೇಲೆ ಬಿಲಿಯನ್, ವಾನ್ ಆದ ಮೇಲೆ ಯಿ, ಲಕ್ಷ ಆದ ಮೇಲೆ ಕೋಟಿ ಎಂದು ಮೂರೂ ಭಾಷೆಯ 'ಎರಡನೇ ದೊಡ್ಡದು' ಒಂದೇ ಎಂಬಂತೆ ಮನಸ್ಸು ಜೋಡಿಸಿಬಿಡುತ್ತದೆ.

ಮೂರೂ ದಾರಿ ನೇರವಾಗಿ ಸೇರುವ ಜಾಗ ಒಂದಿದೆ. ಹನ್ನೆರಡು ಸೊನ್ನೆಗೆ ಚೀನೀಯಲ್ಲಿ ವಾನ್-ಯಿ, ಇಂಗ್ಲಿಷಿನಲ್ಲಿ ಟ್ರಿಲಿಯನ್, ನಮ್ಮಲ್ಲಿ ಲಕ್ಷ ಕೋಟಿ. 2008ರ ನವೆಂಬರಿನಲ್ಲಿ ಚೀನಾ ಸರ್ಕಾರ ಘೋಷಿಸಿದ ಆರ್ಥಿಕ ಉತ್ತೇಜನದ ಮೊತ್ತ 4万亿元. ಅದು ನಾಲ್ಕು ಟ್ರಿಲಿಯನ್ ಯುವಾನ್, ನಾಲ್ಕು ಲಕ್ಷ ಕೋಟಿ ಯುವಾನ್. ಅಂಕಿ ಬದಲಾಗದೆ ದಾಟುವ ಸಂದರ್ಭ ಎಂದೆನಲ್ಲ, ಅದು ಇದೇ. 2025-26ರ ಕರ್ನಾಟಕದ ಬಜೆಟ್ 4,09,549 ಕೋಟಿ ರೂಪಾಯಿ. ಇದನ್ನೇ ಒಬ್ಬ ಚೀನೀ ವರದಿಗಾರ ಬರೆದರೆ ಹತ್ತರಿಂದ ಭಾಗಿಸಿ 40954.9 ಯಿ ಎನ್ನುತ್ತಾನೆ, ಇಲ್ಲವೇ ಸುಮಾರು 4.1 ವಾನ್-ಯಿ ಎಂದು ಮುಗಿಸುತ್ತಾನೆ. ಪತ್ರಿಕೆಯಲ್ಲಿ 'ಲಕ್ಷ ಕೋಟಿ' ಓದಿ ಬೆಳೆದ ನಮಗೆ ಈ ಗಾತ್ರ ಹೊಸದಲ್ಲ, ಅಷ್ಟರ ಮಟ್ಟಿಗೆ ನಮ್ಮ ಎಣಿಕೆ ಅನುಕೂಲವೇ.

ಆದರೆ ಅದನ್ನು ಸೇತುವೆ ಮಾಡಿಕೊಳ್ಳಬೇಡಿ. ನಾನೂ ಮೊದಮೊದಲು ನಿಮ್ಮ ಹಾಗೇ ಮಾಡುತ್ತಿದ್ದೆ, ಒಮ್ಮೆ ಸರಿಯಾಗಿ ಬಿದ್ದೆ. ಒಂದು ಬಾಂಡ್ ದಾಖಲೆಯಲ್ಲಿ ಸಾಲದ ಮೊತ್ತ 8,600万元 ಎಂದಿತ್ತು. ಮನಸ್ಸಿನಲ್ಲಿ 8.6 ಕೋಟಿ ಎಂದುಕೊಂಡೆ, ಅಲ್ಲಿಯವರೆಗೆ ಸರಿ. ಅಷ್ಟರಲ್ಲಿ ಹಿಂದಿನ ಪುಟದ ತುಂಬ ಯಿ-ಯಿ ಮಾಡಿದ್ದ ತಲೆ, ಕೋಟಿಯನ್ನೂ ನೂರು ಮಿಲಿಯನ್ ಎಂದೇ ಹಿಡಿದು 860 ಮಿಲಿಯನ್ ಎಂದು ಬರೆಸಿಬಿಟ್ಟಿತು. ಅದೇ ಸಾಲ ಮುಂದೆ ಒಂದು ಕೋಷ್ಟಕದಲ್ಲಿ 0.86亿元 ಎಂದು ಬಂದಿತ್ತು. ಅಲ್ಲಿ 86 ಮಿಲಿಯನ್ ಎಂದು ಸರಿಯಾಗಿಯೇ ಮಾಡಿದ್ದೆ. ಒಂದೇ ಸಾಲ ಎರಡು ಕಡೆ ಎರಡು ಮೊತ್ತವಾಗಿರುವುದನ್ನು ಗ್ರಾಹಕರ ವಕೀಲರು ಕಂಡುಹಿಡಿದು, ಮೂಲ ದಾಖಲೆಯೇ ತಪ್ಪೇ ಎಂದು ಕೇಳಿದರು. ಮೂಲ ಸರಿಯಾಗಿಯೇ ಇತ್ತು.

ಅಂದಿನಿಂದ ನಾನು ಎಲ್ಲವನ್ನೂ ಒಂದೇ ಅಳತೆಗೆ ತರುತ್ತೇನೆ, ಅದು ಮಿಲಿಯನ್. ಯಿ ಇದ್ದರೆ ನೂರರಿಂದ ಗುಣಿಸುವುದು, ವಾನ್ ಇದ್ದರೆ ನೂರರಿಂದ ಭಾಗಿಸುವುದು. ಎರಡಕ್ಕೂ ದಶಮಾಂಶ ಬಿಂದು ಎರಡೇ ಮನೆ ಸರಿಯುತ್ತದೆ, ದಿಕ್ಕು ಮಾತ್ರ ಬೇರೆ. ದಿಕ್ಕು ಮರೆತರೆ ಯಾವುದು ದೊಡ್ಡ ಪಾತ್ರೆ ಎಂದು ಕೇಳಿಕೊಳ್ಳಿ. ಯಿ ಮಿಲಿಯನ್‌ಗಿಂತ ದೊಡ್ಡ ಪಾತ್ರೆ, ಅದನ್ನು ಮಿಲಿಯನ್ ಎಂಬ ಸಣ್ಣ ಪಾತ್ರೆಗೆ ಸುರಿದರೆ ಪಾತ್ರೆಗಳ ಎಣಿಕೆ ಹೆಚ್ಚಬೇಕು: 12.35 ಯಿ 1,235 ಮಿಲಿಯನ್ ಆಗುತ್ತದೆ. ವಾನ್ ಸಣ್ಣದು, ಅದರಿಂದ ಎಣಿಕೆ ಇಳಿಯಬೇಕು: 8,600 ವಾನ್ 86 ಮಿಲಿಯನ್ ಆಗುತ್ತದೆ. ಮಿಲಿಯನ್‌ನಿಂದ ಬಿಲಿಯನ್‌ಗೆ ಹೋಗುವುದು ಇಂಗ್ಲಿಷಿನ ಒಳಗಿನ ವಿಷಯ, ಅಲ್ಲಿ ಯಾರೂ ಎಡವುವುದಿಲ್ಲ. ಕೋಟಿಯನ್ನು ನಾನು ಕೊನೆಗೆ ಮಾತ್ರ ಕರೆಯುತ್ತೇನೆ: 1,235 ಮಿಲಿಯನ್ ಎಂದರೆ 123.5 ಕೋಟಿ, ಈ ಗಾತ್ರದ ಕಂಪನಿಗೆ ಇಷ್ಟು ವಹಿವಾಟು ಒಪ್ಪುತ್ತದೆಯೇ ಎಂದು ಒಮ್ಮೆ ಕಣ್ಣಳತೆಗೆ.

ಒಂದು ನಿಜವಾದ ವಾಕ್ಯವನ್ನು ಪೂರ್ತಿ ಮಾಡಿ ನೋಡೋಣ. ಚೀನಾದ ರಾಷ್ಟ್ರೀಯ ಅಂಕಿಅಂಶ ಬ್ಯೂರೋ 2025ರ ಫೆಬ್ರುವರಿ ಕೊನೆಯಲ್ಲಿ ಹೊರಡಿಸಿದ ವಾರ್ಷಿಕ ಪ್ರಕಟಣೆಯಲ್ಲಿ 2024ರ ಒಟ್ಟು ದೇಶೀಯ ಉತ್ಪನ್ನ ಹೀಗಿದೆ: 1349084亿元. ಅಲ್ಪವಿರಾಮವೇ ಇಲ್ಲದ ಏಳು ಅಂಕಿ, ಅದರ ಮೇಲೊಂದು ಯಿ. ಇಲ್ಲಿ ಮೂರು ಮೂರಕ್ಕೆ ಅಲ್ಪವಿರಾಮ ಹಾಕಿ 1,349,084 ಎಂದು ಮಾಡಿಕೊಂಡರೆ ಕಣ್ಣು 'ಒಂದು ಮಿಲಿಯನ್ ಚಿಲ್ಲರೆ' ಎಂದು ಓದಿಬಿಡುತ್ತದೆ, ಆಮೇಲೆ ಯಿಯನ್ನು ಎಲ್ಲಿ ಸೇರಿಸುವುದು ಎಂದು ಗೊಂದಲ. ಅದರ ಬದಲು ಬಲಗಡೆಯಿಂದ ನಾಲ್ಕು ಅಂಕಿ ಎಣಿಸಿ ಒಂದು ಗೆರೆ ಎಳೆಯಿರಿ: 134 | 9084. ಹತ್ತು ಸಾವಿರ ಯಿ ಸೇರಿ ಒಂದು ವಾನ್-ಯಿ ಆಗುವುದರಿಂದ ಗೆರೆಯ ಎಡಕ್ಕಿರುವುದು ವಾನ್-ಯಿ, ಅಂದರೆ ಟ್ರಿಲಿಯನ್. 134.9084 ಟ್ರಿಲಿಯನ್ ಯುವಾನ್. ಬ್ಯೂರೋದವರ ಇಂಗ್ಲಿಷ್ ಆವೃತ್ತಿಯಲ್ಲಿ ಇದು 134,908.4 ಬಿಲಿಯನ್ ಎಂದಿದೆ, ಮೊತ್ತ ಅದೇ. 

ಪರಿವರ್ತನೆ ಸರಿಯೇ ಎಂದು ತಿಳಿಯಲು ಅದೇ ಲೆಕ್ಕವನ್ನು ಮತ್ತೆ ಮಾಡುವುದರಲ್ಲಿ ಅರ್ಥವಿಲ್ಲ, ಮೊದಲು ಎಡವಿದ ಕಲ್ಲಿಗೇ ಮತ್ತೆ ಎಡವುತ್ತೇವೆ. ಅದೇ ಪುಟದ ಬೇರೊಂದು ಸಂಖ್ಯೆಯನ್ನು ಸಾಕ್ಷಿಗೆ ಕರೆಯಬೇಕು. ಕೃಷಿ, ಕೈಗಾರಿಕೆ, ಸೇವೆ ಎಂಬ ಮೂರು ವಲಯಗಳ ಮೊತ್ತ ಅಲ್ಲೇ ಇದೆ: 91414, 492087, 765583 ಯಿ. ಕೂಡಿದರೆ 1349084 ಬರುತ್ತದೆ. ಇದರಿಂದ ಅಂಕಿ ಬೆರಳಚ್ಚಿನಲ್ಲಿ ತಪ್ಪಿಲ್ಲ ಎಂದು ಗೊತ್ತಾಯಿತು. ಆದರೆ ಅಳತೆ ತಪ್ಪಿದ್ದರೆ ಮೂರೂ ಒಟ್ಟಿಗೆ ಅಷ್ಟೇ ತಪ್ಪಿ, ಕೂಡಿದ್ದು ಆಗಲೂ ತಾಳೆಯಾಗುತ್ತದೆ! ಅಳತೆಗೆ ಸಾಕ್ಷಿ ಬೇಕಾದರೆ ಯಿ ಇಲ್ಲದ ಸಂಖ್ಯೆ ಹುಡುಕಬೇಕು. ಅದೇ ಪ್ರಕಟಣೆಯಲ್ಲಿ ತಲಾ ಉತ್ಪನ್ನ 95749元 ಎಂದಿದೆ, ಬರೀ ಯುವಾನ್‌ನಲ್ಲಿ. ಜನಸಂಖ್ಯೆ ವರ್ಷದ ಕೊನೆಗೆ 140828万人. ವಾನ್ ಆದ್ದರಿಂದ ನೂರರಿಂದ ಭಾಗಿಸಿ, 1,408.28 ಮಿಲಿಯನ್. 134.9084 ಟ್ರಿಲಿಯನ್ನನ್ನು 1.40828 ಬಿಲಿಯನ್‌ನಿಂದ ಭಾಗಿಸಿದರೆ ಸುಮಾರು 95,800 ಯುವಾನ್. 95,749ಕ್ಕೆ ಪಕ್ಕದಲ್ಲೇ ಇದೆ. ಉಳಿದ ಚೂರು ವ್ಯತ್ಯಾಸ ಬಂದದ್ದು ಬ್ಯೂರೋ ವರ್ಷದ ಸರಾಸರಿ ಜನಸಂಖ್ಯೆಯಿಂದ ಭಾಗಿಸುವುದರಿಂದ. ನೀವು ಎಲ್ಲೋ ಒಂದು ಸೊನ್ನೆ ಬಿಟ್ಟಿದ್ದರೆ ತಲಾ ಉತ್ಪನ್ನ 9,500ಕ್ಕೆ ಇಳಿದು ಕಣ್ಣಿಗೆ ರಾಚುತ್ತಿತ್ತು. ಕಂಪನಿಯ ವರದಿಯಲ್ಲಿ ಇದೇ ಕೆಲಸವನ್ನು ಪ್ರತಿ ಷೇರಿನ ಗಳಿಕೆ ಮಾಡುತ್ತದೆ.

ಅದನ್ನು ಕೋಷ್ಟಕದ ವಿಷಯದಲ್ಲೇ ತೋರಿಸುತ್ತೇನೆ, ಏಕೆಂದರೆ ನನ್ನ ಅನುಭವದಲ್ಲಿ ಹೆಚ್ಚು ಹಾನಿ ಮಾಡುವುದು ಕೋಷ್ಟಕಗಳೇ. ಚೀನೀ ಹಣಕಾಸು ಪಟ್ಟಿಗಳಲ್ಲಿ ಮೂರು ಮೂರಕ್ಕೆ ಅಲ್ಪವಿರಾಮ ಇರುತ್ತದೆ, ನೋಡಲು ಇಂಗ್ಲಿಷ್ ಪಟ್ಟಿಯಂತೆಯೇ ಕಾಣುತ್ತದೆ. ವಾನ್ ಅಡಗಿರುವುದು ಬಲ ಮೂಲೆಯ ಸಣ್ಣ ಅಕ್ಷರದಲ್ಲಿ: 单位:万元, ಅಂದರೆ 'ಅಳತೆ: ಹತ್ತು ಸಾವಿರ ಯುವಾನ್'. ಅದೇ ವರದಿಯ ಮುಂದಿನ ಪಟ್ಟಿಯಲ್ಲಿ 单位:元 ಇರಬಹುದು, ಅದರ ಮುಂದಿನದರಲ್ಲಿ 千元, ಅಂದರೆ ಸಾವಿರ ಯುವಾನ್. ಪಟ್ಟಿ ಎರಡು ಪುಟಕ್ಕೆ ಹರಿದಾಗ ಎರಡನೇ ಪುಟದಲ್ಲಿ ಆ ಸಾಲೇ ಇರುವುದಿಲ್ಲ. ಅನುವಾದ ಶುರು ಮಾಡುವ ಮೊದಲೇ 单位 ಎಂದು ಇಡೀ ಕಡತದಲ್ಲಿ ಹುಡುಕಿ, ಯಾವ ಪಟ್ಟಿಗೆ ಯಾವ ಅಳತೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹತ್ತು ನಿಮಿಷದ ಕೆಲಸ.

ಉದಾಹರಣೆಗೆ ಒಂದು ಕಲ್ಪಿತ ಪಟ್ಟಿ. ಅಳತೆ 万元. ಆದಾಯ 48,215.60, ನಿವ್ವಳ ಲಾಭ 3,907.25, ಒಟ್ಟು ಲಾಭದ ಪ್ರಮಾಣ ಶೇ. 31.6, ಪ್ರತಿ ಷೇರಿನ ಗಳಿಕೆ 0.42 ಯುವಾನ್. ಗ್ರಾಹಕರು ಇಂಗ್ಲಿಷ್ ಪಟ್ಟಿ ಸಾವಿರ ಯುವಾನ್‌ಗಳಲ್ಲಿ ಬೇಕು, ತಲೆಯಲ್ಲಿ RMB'000 ಎಂದಿರಬೇಕು ಎನ್ನುತ್ತಾರೆ. ಒಂದು ವಾನ್ ಎಂದರೆ ಹತ್ತು ಸಾವಿರ, ಹಾಗಾಗಿ ಹತ್ತರಿಂದ ಗುಣಿಸಬೇಕು: ಆದಾಯ 482,156.0, ಲಾಭ 39,072.5. ಇಡೀ ಅಂಕಣವನ್ನು ಆಯ್ದು ಒಂದೇ ಏಟಿಗೆ ಗುಣಿಸಿದವರ ಪಟ್ಟಿಯಲ್ಲಿ ಒಟ್ಟು ಲಾಭದ ಪ್ರಮಾಣ ಶೇ. 316 ಆಗಿ ನಗೆಪಾಟಲಾಗುತ್ತದೆ. ಅದನ್ನು ಯಾರಾದರೂ ಹಿಡಿಯುತ್ತಾರೆ. ಷೇರಿನ ಗಳಿಕೆ 4.20 ಆದದ್ದನ್ನು ಯಾರೂ ಹಿಡಿಯುವುದಿಲ್ಲ, ಏಕೆಂದರೆ 4.20 ಕೂಡ ನಂಬುವಂಥ ಸಂಖ್ಯೆಯೇ. ಶೇಕಡಾವಾರು, ಅನುಪಾತ, ಸಿಬ್ಬಂದಿ ಸಂಖ್ಯೆ, ಪ್ರತಿ ಷೇರಿನ ಸಾಲು, ಇವು ಮೂಲೆಯ ಅಳತೆಗೆ ಒಳಪಟ್ಟವಲ್ಲ. ಈಗ ತಾಳೆ: ಕಂಪನಿಯ ಷೇರುಗಳು 9,300万股, ಅಂದರೆ 93 ಮಿಲಿಯನ್. ಲಾಭ 39.07 ಮಿಲಿಯನ್ ಯುವಾನ್. ಭಾಗಿಸಿದರೆ 0.42. ಎರಡೂ ವಾನ್‌ಗಳು ಸರಿಯಾಗಿ ದಾಟಿವೆ.

ಹೀಗೆ ಅಳತೆ ಬದಲಿಸುವುದು ನನಗೆ ಇಷ್ಟವಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಲೆಕ್ಕ ಪರಿಶೋಧಕರು ಸಹಿ ಮಾಡಿದ ಪಟ್ಟಿಯಾದರೆ ಅಂಕಿಗಳನ್ನು ಮುಟ್ಟದೆ, ತಲೆಯಲ್ಲಿ ಅಳತೆ ಹತ್ತು ಸಾವಿರ ಯುವಾನ್ ಎಂದು ಸ್ಪಷ್ಟವಾಗಿ ಬರೆದು ಬಿಡುವುದೇ ಸುರಕ್ಷಿತ. ಓದಲು ಒರಟು, ನಿಜ. ಆದರೆ ಆ ಅಂಕಿಗಳು ಪರಿಶೋಧಕರವು. ಗ್ರಾಹಕರು ಬರವಣಿಗೆಯಲ್ಲಿ ಕೇಳಿದರೆ ಮಾತ್ರ ಗುಣಿಸುತ್ತೇನೆ. ವಾಕ್ಯಗಳ ಒಳಗೆ ಮಾತ್ರ ಈ ಒರಟುತನ ಸಲ್ಲದು, ಅಲ್ಲಿ ಮಿಲಿಯನ್-ಬಿಲಿಯನ್ ಮಾಡಲೇಬೇಕು. ಹಾಗೆ ಮಾಡುವಾಗ ಮೂಲದ ನಿಖರತೆಯನ್ನು ಹೆಚ್ಚಿಸಲೂಬೇಡಿ, ಇಳಿಸಲೂಬೇಡಿ. ಮೂಲದಲ್ಲಿ 12 ಯಿ ಎಂದಷ್ಟೇ ಇದ್ದರೆ 1.2 ಬಿಲಿಯನ್ ಸಾಕು, 1,200.0 ಮಿಲಿಯನ್ ಎಂದರೆ ಕಂಪನಿ ಹೇಳದ ನಿಖರತೆಯನ್ನು ನೀವು ಸೇರಿಸಿದಂತೆ. 12.35 ಯಿಯನ್ನು 1.2 ಬಿಲಿಯನ್ ಮಾಡಿದರೆ ಮೂವತ್ತೈದು ಮಿಲಿಯನ್ ನುಂಗಿದಂತೆ.

ಉದ್ದದ ಕಡತವಾದರೆ ನಾನು ಮೊತ್ತಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಗೆ ತೆಗೆಯುತ್ತೇನೆ. ಮೂಲದ ಅಂಕಿ ಒಂದನೇ ಅಂಕಣದಲ್ಲಿ, ಅದರ ಅಳತೆ ಎರಡನೆಯದರಲ್ಲಿ, ನಾನು ಬರೆದ ಮಿಲಿಯನ್ ಮೂರನೆಯದರಲ್ಲಿ. ನಾಲ್ಕನೆಯದರಲ್ಲಿ ಈ ಸೂತ್ರ:

```
=A2*IF(B2="万亿",10^12,IF(B2="亿",10^8,IF(B2="万",10^4,IF(B2="千",10^3,1))))/10^6
```

ಮೂರನೆಯದೂ ನಾಲ್ಕನೆಯದೂ ಬೇರೆಯಾದ ಸಾಲುಗಳನ್ನು ಮಾತ್ರ ನೋಡಿದರೆ ಸಾಕು. ಅಳತೆಯನ್ನು ಕಡತದಿಂದ ಹುಡುಕಿ ತೆಗೆಯುವಾಗ 万亿 ಅನ್ನು ಮೊದಲು ಹುಡುಕಿ, ಇಲ್ಲದಿದ್ದರೆ ಹುಡುಕಾಟ 万ನಲ್ಲೇ ನಿಂತು 亿 ಅನಾಥವಾಗಿ ಉಳಿಯುತ್ತದೆ, ಆಗ ಟ್ರಿಲಿಯನ್ನುಗಳು ಹತ್ತು ಸಾವಿರಗಳಾಗುತ್ತವೆ. ಇನ್ನೊಂದು ನಮ್ಮೂರಿನ ತೊಂದರೆ: ವಿಂಡೋಸ್‌ನಲ್ಲಿ ಪ್ರದೇಶ ಭಾರತ ಎಂದಿದ್ದರೆ ಎಕ್ಸೆಲ್ 134908400 ಅನ್ನು 13,49,08,400 ಎಂದು ತೋರಿಸುತ್ತದೆ. ಅದನ್ನೇ ನಕಲು ಮಾಡಿ ಲಂಡನ್ನಿನ ಗ್ರಾಹಕರಿಗೆ ಕಳಿಸಿದರೆ ಅವರಿಗೆ ಅದು ಅಲ್ಪವಿರಾಮ ತಪ್ಪಿದ ಸಂಖ್ಯೆ. ಪ್ರದೇಶದ ಸೆಟ್ಟಿಂಗ್‌ನಲ್ಲಿ ಅಂಕಿಗಳ ಗುಂಪನ್ನು 123,456,789 ಮಾದರಿಗೆ ಬದಲಿಸಿಕೊಂಡು ಕೆಲಸಕ್ಕೆ ಕೂರಿ.

ಇನ್ನು ಯಾವ ಸೂತ್ರಕ್ಕೂ ಸಿಗದ ಒಂದು ಜಾತಿ ಇದೆ, ಅಂಕಿಯೇ ಇಲ್ಲದ ಮೊತ್ತಗಳು. 数亿元 ಎಂದರೆ 'ಕೆಲವು ಯಿ'. ಇದನ್ನು ಹಲವು ಬಿಲಿಯನ್ ಎಂದು ಬರೆದವರ ಕೆಲಸವನ್ನು ನಾನು ಎಷ್ಟೋ ಸಲ ತಿದ್ದಿದ್ದೇನೆ. ಅದು ನೂರಾರು ಮಿಲಿಯನ್. 数千万元 ಎಂದರೆ ಕೆಲವು ಕೋಟಿ, ಇಂಗ್ಲಿಷಿನಲ್ಲಿ ಹತ್ತಾರು ಮಿಲಿಯನ್. 上亿 ಎಂದರೆ ನೂರು ಮಿಲಿಯನ್ ದಾಟಿದ್ದು. 3亿余元 ಇದ್ದರೆ ಮುನ್ನೂರು ಮಿಲಿಯನ್‌ಗೂ ಹೆಚ್ಚು, 近3亿元 ಇದ್ದರೆ ಮುನ್ನೂರಕ್ಕೆ ಹತ್ತಿರ ಆದರೆ ಕಡಿಮೆ. ಈ ಒಂದೊಂದು ಅಕ್ಷರ ಬಿಟ್ಟುಹೋದರೆ ಮೊತ್ತ ಯಾವ ಕಡೆಗೆ ವಾಲುತ್ತದೆ ಎಂಬುದೇ ಬದಲಾಗುತ್ತದೆ. ಹೂಡಿಕೆದಾರರ ಸಭೆಯ ಮಾತುಗಳನ್ನು ಅನುವಾದಿಸುವಾಗ 一亿三 ಎಂದು ಬಂದರೆ ಅದು 130 ಮಿಲಿಯನ್. ಆಡುಮಾತಿನಲ್ಲಿ ಕೊನೆಯ ಸಂಖ್ಯೆ ಹಿಂದಿನ ಅಳತೆಯ ಹತ್ತನೇ ಒಂದು ಭಾಗವನ್ನು ಹೇಳುತ್ತದೆ, 'ಒಂದು ಯಿ ಮೂರು' ಎಂದರೆ 1.3 ಯಿ. ಒಂದು ಯಿ ಮತ್ತು ಮೂರು ಮಿಲಿಯನ್ ಎನ್ನಬೇಕಾದರೆ ನಡುವೆ ಸೊನ್ನೆ ಹೇಳಿ 一亿零三百万 ಎನ್ನುತ್ತಾರೆ. ಆ 零 ಕಿವಿಗೆ ಬೀಳದಿದ್ದರೆ ಇಪ್ಪತ್ತೇಳು ಮಿಲಿಯನ್ ವ್ಯತ್ಯಾಸ.

ಒಪ್ಪಂದಗಳಲ್ಲೂ ಚೆಕ್ಕುಗಳಲ್ಲೂ ಮೊತ್ತ ಎರಡು ಸಲ ಇರುತ್ತದೆ. ಅಂಕಿಯಲ್ಲಿ ಒಮ್ಮೆ, ತಿದ್ದಲು ಬಾರದಂತೆ ಗೆರೆ ಹೆಚ್ಚಿರುವ ಅಕ್ಷರಗಳಲ್ಲಿ ಇನ್ನೊಮ್ಮೆ: 人民币壹亿贰仟叁佰万元整, ಅಂದರೆ 123 ಮಿಲಿಯನ್ ಯುವಾನ್ ಮಾತ್ರ. ಇವು ನಿಮಗೆ ಪುಕ್ಕಟೆ ಸಿಕ್ಕಿದ ಸಾಕ್ಷಿ, ಎರಡನ್ನೂ ಬೇರೆ ಬೇರೆಯಾಗಿ ಪರಿವರ್ತಿಸಿ ತಾಳೆ ನೋಡಿ. ತಾಳೆಯಾಗದೆ ಮೂಲದಲ್ಲೇ ವ್ಯತ್ಯಾಸವಿದ್ದರೆ ಯಾವುದೋ ಒಂದನ್ನು ಸರಿ ಎಂದು ಆರಿಸಿಕೊಳ್ಳಬೇಡಿ. ನಮ್ಮ ಕಾನೂನಿನಲ್ಲಿ ಚೆಕ್ಕಿನ ಅಕ್ಷರಕ್ಕೂ ಅಂಕಿಗೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿರುವ ಮೊತ್ತ ನಿಲ್ಲುತ್ತದೆ. ಚೀನಾದ ಕಾನೂನಿನಲ್ಲಿ ಎರಡೂ ಒಂದೇ ಇರಲೇಬೇಕು, ಇಲ್ಲದಿದ್ದರೆ ಚೆಕ್ಕೇ ಅಸಿಂಧು. ಭಾರತದ ರೂಢಿ ತಲೆಯಲ್ಲಿಟ್ಟುಕೊಂಡು ಅಕ್ಷರದ ಮೊತ್ತವನ್ನೇ ಎರಡೂ ಕಡೆ ಹಾಕಿದರೆ, ಒಂದು ದೋಷವನ್ನು ನೀವೇ ಮುಚ್ಚಿಹಾಕಿದ ಹಾಗಾಗುತ್ತದೆ. ಮೂಲದಲ್ಲಿ ಇದ್ದಂತೆ ಎರಡನ್ನೂ ಅನುವಾದಿಸಿ, ಪಕ್ಕದಲ್ಲಿ ಟಿಪ್ಪಣಿ ಹಾಕಿ ಗ್ರಾಹಕರಿಗೆ ಕಳಿಸಿ.